ಒಂದು ಚದರ ಮೀಟರಿಗೆ ಎಷ್ಟು ಹಂಚು?

ಮಂಗಳೂರು ಹಂಚಿನ ಲೆಕ್ಕ ಕೇಳಿದರೆ ಅನುಭವಿ ಮೇಸ್ತ್ರಿಗಳು ಚದರ ಮೀಟರಿಗೆ ಹದಿನೈದು ಎಂದು ಥಟ್ಟನೆ ಹೇಳುತ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿದವರು ಹಂಚಿನ ಅಳತೆ ಬದಲಾದರೂ ಮೋಸಹೋಗುವುದಿಲ್ಲ.

ಸಾಮಾನ್ಯವಾಗಿ ಸಿಗುವ ಒಂದು ಹಂಚು 410 ಮಿಲಿಮೀಟರ್ ಉದ್ದ, 235 ಅಗಲ. ಆದರೆ ಮಾಡಿನ ಮೇಲೆ ಅದು ಪೂರ್ತಿ ಕಾಣುವುದಿಲ್ಲ. ಮೇಲಿನ ಸಾಲಿನ ಹಂಚು ಇದರ ತಲೆಯ ಮೇಲೆ ಸುಮಾರು 75 ಮಿಲಿಮೀಟರ್ ಹತ್ತಿ ಕೂರುತ್ತದೆ. ಪಕ್ಕದ್ದು 25ರಷ್ಟು ಕಚ್ಚಿಕೊಳ್ಳುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಹೊದಿಕೆ ಇದೆಯಲ್ಲ, ಎರಡು ಸಲ ಕಳೆಯಬೇಡವೇ ಎಂದು ಹಲವರು ಕೇಳುತ್ತಾರೆ. ಬೇಡ. ಒಂದು ಕಡೆ ಇದು ಮುಚ್ಚಿಸಿಕೊಂಡರೆ ಇನ್ನೊಂದು ಕಡೆ ತಾನೇ ಮುಚ್ಚುತ್ತದೆ, ಹಾಗಾಗಿ ಒಂದೇ ಸಲ ಕಳೆದರೆ ಸಾಕು. ಉಳಿಯುವುದು 335 ಮತ್ತು 210. ಇವನ್ನು ಗುಣಿಸಿದರೆ ಒಂದು ಹಂಚು ಮುಚ್ಚುವ ಜಾಗ 0.07035 ಚದರ ಮೀಟರ್. ಒಂದನ್ನು ಇದರಿಂದ ಭಾಗಿಸಿದರೆ 14.2. ಒಡೆಯುವುದಕ್ಕೆಂದು ತುಸು ಸೇರಿಸಿದಾಗ ಹದಿನೈದು.

ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆಯಾಗುವುದರಿಂದ ಅಳತೆಯನ್ನು ಕೊಳ್ಳುವ ಹಂಚಿನಲ್ಲೇ ನೋಡುವುದು ಒಳ್ಳೆಯದು. ಹನ್ನೊಂದು ಹಂಚನ್ನು ಕಚ್ಚಿಸಿ ಸಾಲಾಗಿ ಹಾಸಿ, ಮೊದಲನೆಯದರ ಅಂಚಿನಿಂದ ಹನ್ನೊಂದನೆಯದರ ಅದೇ ಅಂಚಿಗೆ ಅಳೆದು ಹತ್ತರಿಂದ ಭಾಗಿಸಿ. ಉದ್ದಕ್ಕೂ ಅಗಲಕ್ಕೂ ಹೀಗೆಯೇ.

ದೊಡ್ಡ ತಪ್ಪಾಗುವುದು ಮಾಡಿನ ವಿಸ್ತೀರ್ಣದಲ್ಲಿ. ಸೂರು ಸೇರಿ 9 ಮೀಟರ್ ಉದ್ದದ ಮನೆ, ನೆತ್ತಿಯ ಕೆಳಗಿನಿಂದ ಸೂರಿನ ತುದಿಗೆ ನೆಲದ ಮೇಲೆ ಅಳೆದರೆ ಒಂದೊಂದು ಕಡೆ 4 ಮೀಟರ್ ಎಂದುಕೊಳ್ಳಿ. ನಕ್ಷೆಯಲ್ಲಿ ಕಾಣುವುದು 72 ಚದರ ಮೀಟರ್. ಆ ಲೆಕ್ಕದಲ್ಲಿ ಸುಮಾರು 1,023 ಹಂಚು. ಇಳಿಜಾರು 30 ಡಿಗ್ರಿ ಇದ್ದರೆ ಪಕ್ಕಾಸಿನ ಉದ್ದಕ್ಕೆ ಅಳೆದಾಗ 4 ಮೀಟರ್ 4.62 ಆಗುತ್ತದೆ. ಅದನ್ನು 0.335ರಿಂದ ಭಾಗಿಸಿದರೆ 14 ಸಾಲು, 9ನ್ನು 0.21ರಿಂದ ಭಾಗಿಸಿದರೆ ಸಾಲಿಗೆ 43. ತುಂಡು ಸಾಲಿಗೂ ಪೂರ್ತಿ ಹಂಚು ಬೇಕಾದ್ದರಿಂದ ಮೇಲಕ್ಕೇ ಸರಿಪಡಿಸಬೇಕು. ಎರಡೂ ಕಡೆ ಸೇರಿ 1,204. ಒಡಕಿಗೆ ನೂರಕ್ಕೆ ಐದರಂತೆ ಸೇರಿಸಿದರೆ ಸುಮಾರು 1,265 ತರಿಸಬೇಕು. ನಕ್ಷೆ ನೋಡಿ ತರಿಸಿದವರಿಗೆ ಒಂದೂ ಒಡೆಯದಿದ್ದರೂ 180 ಕಡಿಮೆ ಬೀಳುತ್ತದೆ. ನೆತ್ತಿಯ ಮೇಲಿನ ಕೋಡು ಹಂಚಿನ ಲೆಕ್ಕ ಬೇರೆ.

ಕೊರತೆ ಬಿದ್ದಾಗ ರೀಪುಗಳ ನಡುವಿನ ಅಂತರ ಹೆಚ್ಚಿಸಿ ಹೊಂದಿಸುವವರಿದ್ದಾರೆ. 335ರ ಬದಲು 360 ಇಟ್ಟರೆ ಚದರ ಮೀಟರಿಗೆ ಒಂದು ಹಂಚು ಉಳಿಯುತ್ತದೆ ನಿಜ, ಆದರೆ ಹೊದಿಕೆ 50 ಮಿಲಿಮೀಟರಿಗೆ ಇಳಿಯುತ್ತದೆ. ಕರಾವಳಿಯ ಆಷಾಢದ ಗಾಳಿಮಳೆಗೆ ಅದು ಸಾಲದು. ಗಾಳಿ ನೀರನ್ನು ಹಂಚಿನಡಿಗೆ ಮೇಲ್ಮುಖವಾಗಿ ತಳ್ಳುತ್ತದೆ. ಮಳೆ ನಿಂತ ಮೇಲೆ ಒಳಗಿನಿಂದ ನೋಡಿ: ಗಾಳಿ ಬಡಿಯುವ ಕಡೆ ಮಾತ್ರ, ಸಾಲುಸಾಲಾಗಿ ರೀಪು ಒದ್ದೆಯಾಗಿದ್ದರೆ ಅಂತರ ಹೆಚ್ಚಾಗಿದೆ ಎಂದೇ ಅರ್ಥ. ಒಂದೇ ಜಾಗದಲ್ಲಿ ಒದ್ದೆಯಿದ್ದರೆ ಅಲ್ಲಿ ಹಂಚು ಬಿರಿದಿರಬಹುದು, ಅದೊಂದನ್ನು ಬದಲಿಸಿದರೆ ಸಾಕು.