ಶೇಕಡಾ 75 ಹಾಜರಾತಿ: ಇನ್ನೆಷ್ಟು ದಿನ ತರಗತಿಗೆ ಹೋಗಬೇಕು?



ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಇರಬೇಕು. ಶುಲ್ಕ ಕಟ್ಟಿದ್ದರೂ, ಪುಸ್ತಕ ಕೊಂಡಿದ್ದರೂ, ಹಾಜರಾತಿ ಕಡಿಮೆಯಾದರೆ ಆ ವರ್ಷದ ಪರೀಕ್ಷೆ ಕೈತಪ್ಪಬಹುದು. ಚಳ್ಳಕೆರೆ ಕಡೆ ಶೇಂಗಾ ಕೀಳುವ ಕಾಲದಲ್ಲಿ, ಮೊಳಕಾಲ್ಮೂರು ಕಡೆ ಮಗ್ಗದ ಕೆಲಸ ಹೆಚ್ಚಿದಾಗ ಮಕ್ಕಳು ಮನೆಯಲ್ಲಿ ಉಳಿಯುವುದುಂಟು. ಆದ್ದರಿಂದ ಉಳಿದ ದಿನಗಳ ಲೆಕ್ಕವನ್ನು ಮನೆಯಲ್ಲೇ ಹಾಕುವ ಕ್ರಮವನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಮೊದಲು ಶಾಲೆ ಅಥವಾ ಕಾಲೇಜಿನಲ್ಲಿ ಮೂರು ಸಂಖ್ಯೆ ಕೇಳಿ ಬರೆದುಕೊಳ್ಳಿ: ಈ ವರ್ಷದ ಒಟ್ಟು ಕೆಲಸದ ದಿನಗಳು, ಈವರೆಗೆ ನಡೆದ ದಿನಗಳು, ಅವುಗಳಲ್ಲಿ ಮಗು ಹಾಜರಾದ ದಿನಗಳು.

ಒಂದು ಉದಾಹರಣೆ ನೋಡೋಣ. ಮೊಳಕಾಲ್ಮೂರಿನ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಕಾಲೇಜಿನಲ್ಲಿ ಒಟ್ಟು 206 ದಿನ ಎಂದುಕೊಳ್ಳಿ. ಈವರೆಗೆ 122 ದಿನ ನಡೆದಿವೆ, ಆಕೆ 84 ದಿನ ಹೋಗಿದ್ದಾಳೆ. ಅಂದರೆ ಇಂದಿನ ಹಾಜರಾತಿ ಸುಮಾರು ಶೇಕಡಾ 69. ಇದನ್ನು ಕಂಡು ಗಾಬರಿಯಾಗುವುದು ಸಹಜ. ಆದರೆ ಕೊನೆಗೆ ಲೆಕ್ಕಕ್ಕೆ ಬರುವುದು 206 ದಿನಗಳ ಮುಕ್ಕಾಲು ಪಾಲೇ ಹೊರತು ಇಂದಿನವರೆಗಿನ ಮುಕ್ಕಾಲು ಪಾಲಲ್ಲ.

206ರ ಮುಕ್ಕಾಲು 154 ಮತ್ತು ಅರೆ. ಅರೆ ಬಂದಾಗ ಮೇಲಿನ ಪೂರ್ಣ ಸಂಖ್ಯೆ ಹಿಡಿಯಬೇಕು, ಏಕೆಂದರೆ 154 ದಿನ ಹೋದರೆ ಶೇಕಡಾ 75ಕ್ಕೆ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಬೇಕಾದದ್ದು 155. ಅದರಲ್ಲಿ ಹೋದ 84 ಕಳೆದರೆ 71. ಇನ್ನು ಆಕೆ ಹೋಗಲೇಬೇಕಾದ ದಿನಗಳು ಇಷ್ಟು. ಕಾಲೇಜು ಇನ್ನು ನಡೆಯುವುದು 206ರಲ್ಲಿ 122 ಕಳೆದು 84 ದಿನ. ಆ 84ರಲ್ಲಿ 71 ದಿನ ಹೋದರೆ ಸಾಕು. ಜ್ವರಕ್ಕೋ ಮನೆಯ ತುರ್ತಿಗೋ ಉಳಿಯುವುದು 13 ದಿನ ಮಾತ್ರ.

ಇದೇ ಲೆಕ್ಕವನ್ನು ಗೈರುಹಾಜರಿಯಿಂದ ಹಾಕಿ ತಾಳೆ ನೋಡಬಹುದು. 206ರ ಕಾಲು ಭಾಗ 51 ಮತ್ತು ಅರೆ. ಇಲ್ಲಿ ಅರೆಯನ್ನು ಬಿಟ್ಟು 51 ಎನ್ನಬೇಕು. ವರ್ಷಕ್ಕೆಲ್ಲ ತಪ್ಪಿಸಬಹುದಾದದ್ದು ಇಷ್ಟೇ. ಆಕೆ ಈಗಾಗಲೇ 38 ದಿನ ತಪ್ಪಿಸಿದ್ದಾಳೆ. ಉಳಿದದ್ದು ಮತ್ತೆ 13. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಲೆಕ್ಕ ಸರಿ. ಗೋಡೆಯ ಕ್ಯಾಲೆಂಡರಿನಲ್ಲಿ ತಪ್ಪಿದ ದಿನಕ್ಕೆ ಗುರುತು ಹಾಕಿ, ಈ 13ರಿಂದ ಒಂದೊಂದೇ ಕಳೆಯುತ್ತಾ ಬನ್ನಿ.

ಎರಡು ಕಡೆ ಮನೆಯವರು ಎಡವುವುದನ್ನು ಕಂಡಿದ್ದೇವೆ. ಮೊದಲನೆಯದು, ಶೇಕಡಾ 75 ಮುಟ್ಟಿದ ಕೂಡಲೇ ನಿಶ್ಚಿಂತೆಯಾಗುವುದು. ಈ ಹುಡುಗಿ ಒಂದು ದಿನವೂ ಬಿಡದೆ 30 ದಿನ ಹೋದರೆ 152ಕ್ಕೆ 114 ಆಗಿ ಸರಿಯಾಗಿ ಶೇಕಡಾ 75 ಬರುತ್ತದೆ. ಆದರೆ ಆಗಲೂ 54 ದಿನ ಬಾಕಿ ಇದ್ದು, ಅವುಗಳಲ್ಲಿ 41 ದಿನ ಹೋಗಲೇಬೇಕು. ಆ ಗೆರೆಯ ಮೇಲೆ ನಿಂತವರು ಒಂದು ದಿನ ತಪ್ಪಿಸಿದರೆ ಅದನ್ನು ಸರಿದೂಗಿಸಲು ಮೂರು ದಿನ ಹೋಗಬೇಕಾಗುತ್ತದೆ.

ಎರಡನೆಯದು, ಮಳೆಗೋ ಬಂದ್‌ಗೋ ರಜೆ ಕೊಟ್ಟರೆ ಅನುಕೂಲವಾಯಿತು ಎಂದುಕೊಳ್ಳುವುದು. ನಾಲ್ಕು ದಿನ ರಜೆ ಘೋಷಿಸಿ, ಅದನ್ನು ಮುಂದೆ ಭಾನುವಾರಗಳಲ್ಲಿ ತುಂಬಿಸಿಕೊಳ್ಳದಿದ್ದರೆ ಒಟ್ಟು ದಿನ 202 ಆಗುತ್ತದೆ. ಬೇಕಾದದ್ದು 155ರಿಂದ 152ಕ್ಕೆ ಇಳಿಯುತ್ತದೆ, ಬಾಕಿ ದಿನಗಳು ಮಾತ್ರ 84ರಿಂದ 80ಕ್ಕೆ ಇಳಿಯುತ್ತವೆ. 80ರಲ್ಲಿ 68 ಹೋಗಬೇಕಾದ್ದರಿಂದ ಕೈಯಲ್ಲಿದ್ದ 13 ದಿನ 12 ಆಗುತ್ತದೆ. ಆದ್ದರಿಂದ ಒಟ್ಟು ದಿನ ಬದಲಾದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಹಾಕಿ.

ಹೋಗಬೇಕಾದ ದಿನಗಳು ಬಾಕಿ ದಿನಗಳಿಗಿಂತ ಹೆಚ್ಚು ಬಂದರೆ, ಇನ್ನು ಒಂದು ದಿನವೂ ಬಿಡದೆ ಹೋದರೂ ಶೇಕಡಾ 75 ಆಗುವುದಿಲ್ಲ. ಆಗ ಪರೀಕ್ಷೆಯ ಹೊತ್ತಿಗೆ ಕಾಯದೆ, ವೈದ್ಯರ ಚೀಟಿ ಮೊದಲಾದ ಆಧಾರಗಳೊಂದಿಗೆ ಕೂಡಲೇ ಪ್ರಾಂಶುಪಾಲರನ್ನು ಕಾಣಿರಿ. ಹಾಜರಾತಿಯನ್ನು ವಿಷಯವಾರು ನೋಡುವ ಕಾಲೇಜಿನಲ್ಲಿ ದಿನಗಳ ಬದಲು ಆಯಾ ವಿಷಯದ ತರಗತಿಗಳನ್ನು ಎಣಿಸಿ, ಪ್ರತಿ ವಿಷಯಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು. ಬೆಳಗಿನ ಮೊದಲ ಅವಧಿ ತಪ್ಪಿಸುವ ಮಗುವಿಗೆ ಉಳಿದೆಲ್ಲ ವಿಷಯ ಸರಿಯಿದ್ದು ಅದೊಂದರಲ್ಲೇ ಕೊರತೆ ಬೀಳಬಹುದು.

ದಸರಾ ರಜೆ ಮುಗಿದು ತರಗತಿ ಮತ್ತೆ ಆರಂಭವಾಗುವ ವಾರದಲ್ಲಿ ಈ ಮೂರು ಸಂಖ್ಯೆಗಳನ್ನು ತರಗತಿ ಶಿಕ್ಷಕರಿಂದ ಕೇಳಿ ಪಡೆಯಿರಿ. ಆಗ ಇನ್ನೂ ಸಾಕಷ್ಟು ದಿನಗಳು ಉಳಿದಿರುತ್ತವೆ. ಫೆಬ್ರವರಿಯಲ್ಲಿ ಕೇಳಿದರೆ ಕೊರತೆ ತಿಳಿಯುತ್ತದೆ, ತುಂಬಲು ದಿನಗಳಿರುವುದಿಲ್ಲ.