ಆ್ಯಪಲ್‌ನ ಶೇ 197 ಎಲ್ಲಿಂದ ಬಂತು?

ಕಂಪನಿಯಲ್ಲಿರುವ ಷೇರುದಾರರ ಪ್ರತಿ ನೂರು ರೂಪಾಯಿಗೆ ವರ್ಷದಲ್ಲಿ ಎಷ್ಟು ಲಾಭ ಹುಟ್ಟಿತು ಎಂಬುದನ್ನು ಷೇರುಪೇಟೆಯವರು ಆರ್‌ಒಇ ಎನ್ನುತ್ತಾರೆ. ಆ್ಯಪಲ್ ಕಂಪನಿಯ ಆರ್‌ಒಇ 2012ರಲ್ಲಿ ಶೇ 35 ಇತ್ತು. 2022ರಲ್ಲಿ ಶೇ 197. ಹತ್ತು ವರ್ಷದಲ್ಲಿ ಕಂಪನಿ ಐದೂವರೆ ಪಟ್ಟು ಚುರುಕಾಯಿತೆಂದು ಯಾರಿಗಾದರೂ ಅನ್ನಿಸಬಹುದು. ಲೆಕ್ಕ ಬಿಡಿಸಿದರೆ ಬೇರೆಯೇ ಕಥೆ ಕಾಣುತ್ತದೆ.

ಆರ್‌ಒಇ ಎಂದರೆ ಮೂರು ಸಂಖ್ಯೆಗಳ ಗುಣಾಕಾರ. ಮೊದಲನೆಯದು ಮಾರ್ಜಿನ್, ಅಂದರೆ ಮಾರಾಟದಲ್ಲಿ ಲಾಭವಾಗಿ ಉಳಿದ ಪಾಲು. 2012ರಲ್ಲಿ ಆ್ಯಪಲ್ 15,651 ಕೋಟಿ ಡಾಲರ್ ಮಾರಾಟ ಮಾಡಿ 4,173 ಕೋಟಿ ನಿವ್ವಳ ಲಾಭ ಗಳಿಸಿತು: ಶೇ 26.7. 2022ರಲ್ಲಿ 39,433 ಕೋಟಿ ಮಾರಾಟಕ್ಕೆ 9,980 ಕೋಟಿ ಲಾಭ: ಶೇ 25.3. ಮಾರ್ಜಿನ್ ತುಸು ಇಳಿದೇ ಇದೆ.

ಎರಡನೆಯದು, ಒಂದು ಡಾಲರ್ ಆಸ್ತಿಯಿಂದ ಎಷ್ಟು ಮಾರಾಟ ನಡೆಯಿತು ಎಂಬುದು. 2012ರಲ್ಲಿ 89 ಸೆಂಟ್ ಇದ್ದದ್ದು 2022ರಲ್ಲಿ ಒಂದು ಡಾಲರ್ 12 ಸೆಂಟ್ ಆಯಿತು. ಇದು ನಿಜವಾದ ಸುಧಾರಣೆ.

ಗುಟ್ಟಿರುವುದು ಮೂರನೆಯದರಲ್ಲಿ. ಒಟ್ಟು ಆಸ್ತಿ ಷೇರುದಾರರ ಬಂಡವಾಳದ ಎಷ್ಟು ಪಟ್ಟಿದೆ ಎಂಬುದೇ ಲಿವರೇಜ್. 2012ರಲ್ಲಿ ಆಸ್ತಿ 17,606 ಕೋಟಿ, ಬಂಡವಾಳ 11,821 ಕೋಟಿ, ಒಂದೂವರೆ ಪಟ್ಟು. 2022ರಲ್ಲಿ ಆಸ್ತಿ ದುಪ್ಪಟ್ಟಾಗಿ 35,276 ಕೋಟಿಗೆ ಏರಿತು, ಬಂಡವಾಳ ಮಾತ್ರ 5,067 ಕೋಟಿಗೆ ಕುಸಿಯಿತು. ಸುಮಾರು ಏಳು ಪಟ್ಟು!

ಇಷ್ಟು ಲಾಭ ಮಾಡುವ ಕಂಪನಿಯ ಬಂಡವಾಳ ಕರಗಿದ್ದು ನಷ್ಟದಿಂದಲ್ಲ. ಆ್ಯಪಲ್ ವರ್ಷವರ್ಷವೂ ತನ್ನದೇ ಷೇರುಗಳನ್ನು ಮಾರುಕಟ್ಟೆಯಿಂದ ಮರಳಿ ಕೊಂಡು ರದ್ದುಪಡಿಸಿತು, ಡಿವಿಡೆಂಡನ್ನೂ ಹಂಚಿತು. ಹಾಗೆ ಹೊರಹೋದ ಹಣವೆಲ್ಲ ಬಂಡವಾಳದ ಲೆಕ್ಕದಿಂದ ಕಳೆಯುತ್ತದೆ. 2012ರಲ್ಲಿ ದೀರ್ಘಾವಧಿ ಸಾಲವೇ ಇಲ್ಲದಿದ್ದ ಕಂಪನಿ 2013ರಿಂದ ಬಾಂಡ್‌ಗಳ ಮೂಲಕ ಸಾಲ ಎತ್ತತೊಡಗಿತು. 2022ರ ಹೊತ್ತಿಗೆ ಆ ಸಾಲ ಸುಮಾರು 11,000 ಕೋಟಿ ಡಾಲರ್ ಆಗಿತ್ತು.

ಈಗ ಒಂದು ಪರೀಕ್ಷೆ. 2022ರ ಮಾರ್ಜಿನ್, 2022ರ ಆಸ್ತಿ ಬಳಕೆ ಇಟ್ಟುಕೊಂಡು ಲಿವರೇಜನ್ನು ಮಾತ್ರ 2012ರದ್ದೇ ಹಾಕಿ ಗುಣಿಸಿ. ಆರ್‌ಒಇ ಶೇ 42ಕ್ಕೆ ನಿಲ್ಲುತ್ತದೆ. ಅಂದರೆ ವ್ಯಾಪಾರದ ಜಾಣತನ 35ನ್ನು 42ಕ್ಕೆ ಒಯ್ದಿತು. ಅಲ್ಲಿಂದ 197ರವರೆಗಿನ ಏರಿಕೆ ಬಂಡವಾಳ ತೆಳುವಾದದ್ದರಿಂದ ಬಂದದ್ದು. ಆ್ಯಪಲ್‌ನಂತೆ ಕೈತುಂಬ ನಗದು ಹರಿಯುವ ಕಂಪನಿ ಇದನ್ನು ತಾಳಿಕೊಳ್ಳುತ್ತದೆ. ಮಾರಾಟ ಏರಿಳಿಯುವ ಉಕ್ಕಿನ ಕಂಪನಿಗೋ ವಿಮಾನಯಾನ ಸಂಸ್ಥೆಗೋ ಇದೇ ಏಳು ಪಟ್ಟು ಅಪಾಯ. ಒಂದು ಕೆಟ್ಟ ವರ್ಷದ ನಷ್ಟಕ್ಕೇ ಬಂಡವಾಳ ಖಾಲಿಯಾಗಬಹುದು.

ಇಲ್ಲಿನ ಲೆಕ್ಕಕ್ಕೆ ವರ್ಷದ ಕೊನೆಯ ದಿನದ ಬಂಡವಾಳ ಹಿಡಿದಿದ್ದೇನೆ. ವರ್ಷದ ಆರಂಭ ಮತ್ತು ಕೊನೆಯ ಸರಾಸರಿ ಹಿಡಿದರೆ 2022ರ ಆರ್‌ಒಇ ಶೇ 175ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಎರಡು ವರ್ಷಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಪದ್ಧತಿ ಬಳಸಿ. ಮರುಖರೀದಿ ಇನ್ನೂ ಮುಂದೆ ಹೋದರೆ ಬಂಡವಾಳ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಲಾಭದಲ್ಲೇ ನಡೆಯುತ್ತಿರುವ ಮೆಕ್‌ಡೊನಾಲ್ಡ್ಸ್ ಕಂಪನಿಗೆ 2016ರಲ್ಲಿ ಹೀಗೇ ಆಯಿತು. ಅಂಥ ಕಂಪನಿಗೆ ಆರ್‌ಒಇ ಲೆಕ್ಕ ಹಾಕುವುದರಲ್ಲಿ ಅರ್ಥವೇ ಇಲ್ಲ.