ಹದಿಹರೆಯದವರ ಓದು ಕುಗ್ಗಿದೆ: ಸಂಪಾದಕರಿಗೆ ಪತ್ರ ಬರೆಯುವ ಬಗೆ

ಹದಿಹರೆಯದವರಲ್ಲಿ ಓದುವ ಹವ್ಯಾಸ ಕಡಿಮೆಯಾಗುತ್ತಿರುವ ಬಗ್ಗೆ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯುವುದು ಪ್ರೌಢಶಾಲೆಯ ಪತ್ರಲೇಖನ ಪಾಠದಲ್ಲಿ ಮತ್ತೆ ಮತ್ತೆ ಬರುವ ಅಭ್ಯಾಸ. ಇದೇ ಕಳವಳದ ಪತ್ರಗಳನ್ನು ‘ಪ್ರಜಾವಾಣಿ’ಯ ‘ವಾಚಕರ ವಾಣಿ’ಯಂಥ ಅಂಕಣಗಳಿಗೆ ಪೋಷಕರು, ಶಿಕ್ಷಕರು, ನಿವೃತ್ತರು ಕಳಿಸುವುದೂ ಉಂಟು. ಪರೀಕ್ಷೆಯ ಪತ್ರವನ್ನು ಮೌಲ್ಯಮಾಪಕರು ಓದಲೇಬೇಕು. ಪತ್ರಿಕೆಗೆ ಹೋಗುವ ಪತ್ರಕ್ಕೆ ಅಂಥ ಭರವಸೆಯಿಲ್ಲ. ಬಂದ ಪತ್ರಗಳ ರಾಶಿಯಲ್ಲಿ ಉಪಸಂಪಾದಕರ ಕಣ್ಣು ಮೊದಲು ಹುಡುಕುವುದು ಒಂದು ಹೊಸ ಸಂಗತಿಯನ್ನು. ‘ಇಂದಿನ ಮಕ್ಕಳು ಮೊಬೈಲ್ ಬಿಟ್ಟು ಪುಸ್ತಕ ಮುಟ್ಟುವುದಿಲ್ಲ’ ಎಂದು ಶುರುವಾಗುವ ಪತ್ರದಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ಈ ವಿಷಯದ ಮೇಲೆ ಬರೆಯುವವರ ಮೊದಲ ಕೆಲಸ ದೊಡ್ಡ ದೂರನ್ನು ಒಂದು ಊರಿನ, ಪರಿಶೀಲಿಸಬಹುದಾದ ಒಂದು ಸಂಗತಿಗೆ ಇಳಿಸುವುದು.

ಯಾವುದು ಕುಗ್ಗಿದೆ?

‘ಓದು ಕಡಿಮೆಯಾಗಿದೆ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಸಮಸ್ಯೆಗಳು ಅಡಗಿರುತ್ತವೆ. ಓದಲು ಸರಿಯಾಗಿ ಬಾರದಿರುವುದು ಒಂದು. ಓದಲು ಬಂದರೂ ಕೈಗೆ ಪುಸ್ತಕ ಸಿಗದಿರುವುದು ಇನ್ನೊಂದು. ಓದಲು ಬಂದು, ಪುಸ್ತಕವೂ ಸಿಕ್ಕು, ಓದುವ ರೂಢಿ ಇಲ್ಲದಿರುವುದು ಮೂರನೆಯದು. ಮೊದಲನೆಯದಕ್ಕೆ ಉತ್ತರ ತರಗತಿಯ ಕಲಿಕೆಯಲ್ಲಿದೆ, ಎರಡನೆಯದಕ್ಕೆ ಗ್ರಂಥಾಲಯದಲ್ಲಿ, ಮೂರನೆಯದಕ್ಕೆ ಮನೆ ಮತ್ತು ಶಾಲೆಯ ದಿನಚರಿಯಲ್ಲಿ. ಮೂರನ್ನೂ ಒಂದೇ ಪತ್ರದಲ್ಲಿ ಕಲೆಸಿದರೆ ಯಾರು ಏನು ಮಾಡಬೇಕು ಎಂಬುದು ಓದುಗರಿಗೆ ತಿಳಿಯದೆ ಹೋಗುತ್ತದೆ.

ಅಂಕಿಅಂಶ ಬಳಸುವಾಗ ಈ ವ್ಯತ್ಯಾಸ ಇನ್ನೂ ಮುಖ್ಯವಾಗುತ್ತದೆ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ ‘ಅಸರ್ 2023’ ಸಮೀಕ್ಷೆ ಎರಡು ಮಾತು ಹೇಳಿತು. ಸುಮಾರು ಕಾಲುಭಾಗದಷ್ಟು ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೇ ತರಗತಿ ಮಟ್ಟದ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ಹತ್ತಿರ ಹತ್ತಿರ 90 ಪ್ರತಿಶತ ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅದನ್ನು ಬಳಸಲೂ ಅವರಿಗೆ ಗೊತ್ತಿದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ‘ಮೊಬೈಲಿನಿಂದ ಓದು ಹಾಳಾಗಿದೆ’ ಎಂದು ಬರೆಯುವ ಆಸೆ ಸಹಜ. ಆದರೆ ಸಮೀಕ್ಷೆ ಅಳೆದದ್ದು ಓದುವ ಸಾಮರ್ಥ್ಯವನ್ನು. ಒಬ್ಬ ಹುಡುಗಿ ವರ್ಷಕ್ಕೆ ಎಷ್ಟು ಕಥೆಪುಸ್ತಕ ಓದುತ್ತಾಳೆ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ಒಂದು ಅಂಕಿ ಇನ್ನೊಂದಕ್ಕೆ ಕಾರಣವೆಂದೂ ಅದರಿಂದ ಸಿದ್ಧವಾಗುವುದಿಲ್ಲ. ಹವ್ಯಾಸದ ಬಗ್ಗೆ ಬರೆಯುವ ಪತ್ರದಲ್ಲಿ ಸಾಮರ್ಥ್ಯದ ಅಂಕಿ ಸೇರಿದರೆ, ವಿಷಯ ಬಲ್ಲ ಓದುಗರು ಮರುದಿನವೇ ತಿದ್ದುಪಡಿಯ ಪತ್ರ ಬರೆಯಬಲ್ಲರು.

‘ಕುಗ್ಗಿದೆ’ ಎನ್ನಲು ಎರಡು ಕಾಲದ ಲೆಕ್ಕ ಬೇಕು. ಈ ವರ್ಷ ಒಂಬತ್ತು ಮಂದಿ ಮಾತ್ರ ಪುಸ್ತಕ ಒಯ್ದರು ಎಂದರೆ ಅದು ಕಡಿಮೆ ಸಂಖ್ಯೆ ಅಷ್ಟೆ. ಹಿಂದೆ ಎಷ್ಟಿತ್ತು ಎಂಬುದು ಜೊತೆಗೆ ಬಂದಾಗ ಅದು ಕುಸಿತವಾಗುತ್ತದೆ. ಹೋಲಿಸುವ ತಿಂಗಳುಗಳೂ ಒಂದೇ ಆಗಿರಬೇಕು, ಏಕೆಂದರೆ ಜೂನ್ ತಿಂಗಳನ್ನು ವಾರ್ಷಿಕ ಪರೀಕ್ಷೆಯ ಮಾರ್ಚ್‌ಗೆ ಹೋಲಿಸಿದರೆ ಯಾವ ಊರಿನಲ್ಲೂ ಇಳಿಕೆ ಕಂಡೀತು. ಇಂಥ ಲೆಕ್ಕ ಸಿಗುವ ಜಾಗ ಗ್ರಂಥಾಲಯದ ಎರವಲು ವಹಿ. ಮೇಲ್ವಿಚಾರಕರನ್ನು ಕೇಳಿ, ಯಾರ ಹೆಸರನ್ನೂ ಬರೆದುಕೊಳ್ಳದೆ, ಸಂಖ್ಯೆಯನ್ನಷ್ಟೇ ಎಣಿಸಿಕೊಳ್ಳಬಹುದು. ಈ ವಹಿಗೂ ಮಿತಿಯಿದೆ. ಮನೆಯ ಪುಸ್ತಕ ಓದುವವರು, ಫೋನಿನಲ್ಲೇ ಕಥೆ ಓದುವವರು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಪತ್ರದಲ್ಲಿ ‘ಓದುವವರು ಕಡಿಮೆಯಾಗಿದ್ದಾರೆ’ ಎನ್ನುವ ಬದಲು ‘ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದಾರೆ’ ಎಂದು ಬರೆದರೆ ಮಾತು ಸಾಕ್ಷ್ಯದ ಅಳತೆಯೊಳಗೆ ನಿಲ್ಲುತ್ತದೆ.

ಯಾರಿಗೆ ಯಾವ ಮನವಿ?

ಪತ್ರ ಸಂಪಾದಕರ ಹೆಸರಿಗೆ ಹೋದರೂ ಗ್ರಂಥಾಲಯದ ಬಾಗಿಲು ತೆರೆಸುವುದು ಸಂಪಾದಕರ ಕೈಯಲ್ಲಿಲ್ಲ. ‘ತಾವು ದಯವಿಟ್ಟು ಈ ಸಮಸ್ಯೆ ಬಗೆಹರಿಸಬೇಕು’ ಎಂದು ಅವರನ್ನೇ ಕೇಳಿಕೊಳ್ಳುವುದು ಶಾಲಾ ಪತ್ರಗಳಲ್ಲಿ ತುಂಬ ಕಾಣುವ ತಪ್ಪು. ಸಂಪಾದಕರನ್ನು ಕೇಳಬಹುದಾದದ್ದು ಪ್ರಕಟಣೆ ಒಂದನ್ನೇ. ಕೆಲಸ ಆಗಬೇಕಾದ ಕಡೆಯನ್ನು ಪತ್ರದ ಒಳಗೆ ಹೆಸರಿಸಬೇಕು.

ಕರ್ನಾಟಕದಲ್ಲಿ ಇಲ್ಲೊಂದು ಎಡವಟ್ಟಿಗೆ ಆಸ್ಪದವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಮಕ್ಕಳನ್ನು ಅವುಗಳತ್ತ ಕರೆತರಲು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಹೀಗಾಗಿ ಹಳ್ಳಿಯ ಗ್ರಂಥಾಲಯದ ವೇಳೆಯ ಬಗ್ಗೆ ಮಾತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು ಉದ್ದೇಶಿಸಬೇಕು. ನಗರದ ಶಾಖಾ ಗ್ರಂಥಾಲಯದ ಬಗ್ಗೆಯಾದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯನ್ನೇ ಉದ್ದೇಶಿಸಬೇಕು. ‘ಸರ್ಕಾರ ಎಚ್ಚೆತ್ತುಕೊಳ್ಳಲಿ’ ಎಂದು ಮುಗಿಸಿದರೆ ಅದು ಯಾವ ಮೇಜಿಗೂ ತಲುಪುವುದಿಲ್ಲ.

ಪತ್ರದ ಚೌಕಟ್ಟು

ಔಪಚಾರಿಕ ಪತ್ರದ ಕನ್ನಡ ಕ್ರಮ ಸರಳವಾಗಿದೆ. ಎಡಗಡೆ ಮೇಲೆ ‘ಇಂದ’ ಎಂದು ಬರೆದು ಕೆಳಗೆ ಹೆಸರು ಮತ್ತು ವಿಳಾಸ. ನಂತರ ‘ಗೆ’ ಎಂದು ಬರೆದು ‘ಸಂಪಾದಕರು’, ಪತ್ರಿಕೆಯ ಹೆಸರು, ಊರು. ಆಮೇಲೆ ‘ಮಾನ್ಯರೇ’ ಎಂಬ ಸಂಬೋಧನೆ, ಒಂದು ಸಾಲಿನ ವಿಷಯ, ಒಡಲು. ಕೊನೆಯಲ್ಲಿ ‘ವಂದನೆಗಳೊಂದಿಗೆ’, ಬಲಗಡೆ ‘ಇಂತಿ ತಮ್ಮ ವಿಶ್ವಾಸಿ’ ಮತ್ತು ಸಹಿ, ಎಡಗಡೆ ಸ್ಥಳ ಮತ್ತು ದಿನಾಂಕ. ದಿನಾಂಕವನ್ನು ಕೆಲವು ಶಾಲೆಗಳಲ್ಲಿ ಮೇಲೆಯೇ ಬರೆಸುತ್ತಾರೆ. ಒಂದು ಕಡೆ ಇದ್ದರೆ ಸಾಕು. ಪರೀಕ್ಷೆಯಲ್ಲಿ ವಿದ್ಯಾರ್ಥಿ ತನ್ನ ಸ್ವಂತ ಹೆಸರು, ಶಾಲೆಯ ಹೆಸರು ಬರೆಯದೆ ಪ್ರಶ್ನೆಯಲ್ಲಿ ಕೊಟ್ಟದ್ದನ್ನೇ ಬಳಸಬೇಕು. ಪತ್ರಿಕೆಗೆ ಕಳಿಸುವಾಗ ಇದಕ್ಕೆ ತದ್ವಿರುದ್ಧ: ನಿಜವಾದ ಹೆಸರು, ಪೂರ್ಣ ವಿಳಾಸ, ದೂರವಾಣಿ ಸಂಖ್ಯೆ ಇರಬೇಕು. ಅಚ್ಚಾಗುವುದು ಸಾಮಾನ್ಯವಾಗಿ ಹೆಸರು ಮತ್ತು ಊರು ಮಾತ್ರ, ಉಳಿದದ್ದು ಖಚಿತಪಡಿಸಿಕೊಳ್ಳುವುದಕ್ಕೆ.

ಒಡಲಿಗೆ 150ರಿಂದ 200 ಪದ ಸಾಕು. ಮೊದಲ ವಾಕ್ಯದಲ್ಲೇ ಸಂಗತಿ, ಬಳಿಕ ಅದರ ಸಾಕ್ಷ್ಯ, ಆಮೇಲೆ ಕಾರಣ, ಕೊನೆಗೆ ಮನವಿ. ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಆರಂಭ ಅರ್ಜಿಗೆ ಒಗ್ಗುತ್ತದೆ. ಪತ್ರಿಕೆಯಲ್ಲಿ ಅದು ಕತ್ತರಿಗೆ ಹೋಗುವ ಮೊದಲ ಸಾಲು.

ಒಂದು ಮಾದರಿ

ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಗ್ರಂಥಾಲಯದ ಬಗ್ಗೆ ಬರೆಯುತ್ತಾಳೆ ಎಂದು ಇಟ್ಟುಕೊಳ್ಳಬಹುದು. ಅವಳ ಮೊದಲ ಕರಡು ಹೀಗಿತ್ತು ಎನ್ನೋಣ: ‘ಇತ್ತೀಚಿನ ದಿನಗಳಲ್ಲಿ ಹದಿಹರೆಯದವರು ಮೊಬೈಲ್ ದಾಸರಾಗಿ ಓದುವ ಹವ್ಯಾಸವನ್ನೇ ಮರೆತಿದ್ದಾರೆ. ಪುಸ್ತಕ ಜ್ಞಾನದ ಭಂಡಾರ. ಪೋಷಕರು, ಶಿಕ್ಷಕರು ಮತ್ತು ಸರ್ಕಾರ ಈ ಬಗ್ಗೆ ಗಮನ ಹರಿಸಬೇಕು.’ ಮೂರು ವಾಕ್ಯಗಳಲ್ಲಿ ಒಂದನ್ನೂ ಪರಿಶೀಲಿಸಲಾಗದು. ಊರು, ಕಾಲ, ಲೆಕ್ಕ ಯಾವುದೂ ಇಲ್ಲ. ಗಮನ ಹರಿಸಬೇಕಾದವರು ಮೂವರು, ಹರಿಸಿ ಮಾಡಬೇಕಾದ ಕೆಲಸ ಒಂದೂ ಇಲ್ಲ. ಎರವಲು ವಹಿ ನೋಡಿ ಬಂದ ಮೇಲೆ ಅದೇ ಪತ್ರದ ವಿಷಯ ಮತ್ತು ಒಡಲು ಹೀಗೆ ಬದಲಾಗಬಹುದು. ಇಲ್ಲಿನ ಅಂಕಿಗಳು ಮಾದರಿಗಾಗಿ ಕಲ್ಪಿಸಿದವು.

*ವಿಷಯ: ಗ್ರಾಮ ಪಂಚಾಯಿತಿ ಗ್ರಂಥಾಲಯದ ವೇಳೆ ಬದಲಾವಣೆ ಕುರಿತು.*

*ನಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ಪುಸ್ತಕ ಒಯ್ಯುವ ಪ್ರೌಢಶಾಲಾ ವಿದ್ಯಾರ್ಥಿಗಳ ಸಂಖ್ಯೆ ಎರಡು ವರ್ಷಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದಿದೆ. ಎರಡು ವರ್ಷದ ಹಿಂದೆ ಜೂನ್‌ನಿಂದ ಆಗಸ್ಟ್‌ವರೆಗೆ 31 ಮಂದಿ ಪುಸ್ತಕ ಪಡೆದಿದ್ದರು ಎಂದು ಎರವಲು ವಹಿ ಹೇಳುತ್ತದೆ. ಈ ವರ್ಷ ಅದೇ ತಿಂಗಳುಗಳಲ್ಲಿ ಪಡೆದವರು 9 ಮಂದಿ. ಶಾಲೆಯ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದೆ.*

*ಹಿಂದೆ ಸಂಜೆ 6ರವರೆಗೆ ತೆರೆದಿರುತ್ತಿದ್ದ ಗ್ರಂಥಾಲಯ ಈಗ 4 ಗಂಟೆಗೆ ಮುಚ್ಚುತ್ತದೆ. ನಮ್ಮ ಶಾಲೆ ಬಿಡುವುದು 4.30ಕ್ಕೆ. ಮೊಬೈಲ್ ಬಳಕೆಯೂ ಓದಿನ ಹೊತ್ತನ್ನು ಕಸಿದಿರಬಹುದು. ಆದರೆ ಪುಸ್ತಕ ಬೇಕೆಂದು ಬರುವವರಿಗೂ ಈಗ ಕಾಣುವುದು ಬೀಗ ಹಾಕಿದ ಬಾಗಿಲು.*

*ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಶಾಲಾ ದಿನಗಳಲ್ಲಿ ಗ್ರಂಥಾಲಯವನ್ನು ಸಂಜೆ 6.30ರವರೆಗೆ ತೆರೆದಿಡುವ ವ್ಯವಸ್ಥೆ ಮಾಡಬೇಕು. ಹೆಚ್ಚುವರಿ ವೇಳೆ ಸಾಧ್ಯವಿಲ್ಲದಿದ್ದರೆ, ಮಕ್ಕಳು ಶಾಲೆಯಲ್ಲಿರುವ ಮಧ್ಯಾಹ್ನದ ಹೊತ್ತನ್ನು ಕಡಿತಗೊಳಿಸಿ ಸಂಜೆಗೆ ಸೇರಿಸಬಹುದು.*

ಈ ಪತ್ರದಲ್ಲಿ ಮೂರು ಕಡೆ ಎಚ್ಚರ ಕೆಲಸ ಮಾಡಿದೆ. ಶಾಲೆಯ ಮಕ್ಕಳ ಸಂಖ್ಯೆ ಬದಲಾಗಿಲ್ಲ ಎಂಬ ಮಾತು, ‘ಮಕ್ಕಳೇ ಕಡಿಮೆಯಾಗಿರಬಹುದಲ್ಲ’ ಎಂಬ ಆಕ್ಷೇಪಕ್ಕೆ ಮೊದಲೇ ಉತ್ತರ ಕೊಡುತ್ತದೆ. ಮೊಬೈಲಿನ ಪಾಲನ್ನು ‘ಇರಬಹುದು’ ಎಂದು ಒಪ್ಪಿಕೊಂಡಿರುವುದರಿಂದ ಬರೆದವಳು ಬೇರೆ ಕಾರಣಗಳನ್ನು ಮರೆಮಾಚಿದಳು ಎನ್ನುವಂತಿಲ್ಲ. ವೇಳೆ ಬದಲಾದದ್ದರಿಂದಲೇ ಕುಸಿತ ಆಯಿತು ಎಂದೂ ಅವಳು ಸಾರಿಲ್ಲ. ಎರಡನ್ನೂ ಇದ್ದಂತೆ ಇಟ್ಟಿದ್ದಾಳೆ. ಕೊನೆಯ ಮನವಿಯಲ್ಲಿ ಖರ್ಚಿಲ್ಲದ ಪರ್ಯಾಯವಿದೆ. ‘ಸಿಬ್ಬಂದಿ ಇಲ್ಲ’ ಎಂಬ ಉತ್ತರ ಸುಲಭವಾಗಿ ಸಲ್ಲದಂತೆ ಅದು ನೋಡಿಕೊಳ್ಳುತ್ತದೆ.

ಕಳಿಸುವಾಗ, ಕಳಿಸಿದ ಮೇಲೆ

ಪತ್ರ ಮುಗಿದಾಗ ಒಂದು ಸುಲಭದ ಪರೀಕ್ಷೆ ಮಾಡಬಹುದು. ‘ಓದು’, ‘ಪುಸ್ತಕ’ ಎಂಬ ಪದಗಳನ್ನು ತೆಗೆದು ‘ಆಟ’, ‘ಮೈದಾನ’ ಎಂದು ಹಾಕಿದರೂ ವಾಕ್ಯ ಹಾಗೆಯೇ ನಿಲ್ಲುವುದಾದರೆ ಆ ವಾಕ್ಯದಲ್ಲಿ ವಿಷಯವಿಲ್ಲ, ಅದನ್ನು ಬಿಡಬಹುದು. ಯುವಜನರನ್ನು ಬೈಯುವ ವಿಶೇಷಣಗಳೂ ಹೀಗೆಯೇ ಉದುರುತ್ತವೆ.

ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ಇಮೇಲ್ ಆದರೆ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಿ ಪತ್ರವನ್ನು ಇಮೇಲ್‌ನ ಒಳಗೇ ಹಾಕುವುದು ಒಳ್ಳೆಯದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಫೋಟೊ ತೆಗೆದು ಕಳಿಸಿದ ಪತ್ರವನ್ನು ಕಚೇರಿಯಲ್ಲಿ ಯಾರಾದರೂ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಒಂದೇ ಪತ್ರವನ್ನು ಏಕಕಾಲಕ್ಕೆ ಹಲವು ಪತ್ರಿಕೆಗಳಿಗೆ ಕಳಿಸುವುದು ಸಲ್ಲದು.

ಪತ್ರವನ್ನು ಪ್ರಕಟಿಸುವುದು, ಬಿಡುವುದು, ಸಂಕ್ಷೇಪಿಸುವುದು ಸಂಪಾದಕರ ವಿವೇಚನೆಗೆ ಸೇರಿದ್ದು. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳೂ ಬಂದ ಎಲ್ಲ ಪತ್ರಗಳನ್ನು ಹಾಕಲೇಬೇಕೆಂದು ಹೇಳುವುದಿಲ್ಲ. ವಿವಾದದ ವಿಷಯದಲ್ಲಿ ಪರ-ವಿರೋಧಗಳ ನಡುವೆ ಸಮತೋಲ ಇರಲೆಂದು ಬಯಸುತ್ತವೆ. ಶೀರ್ಷಿಕೆಯನ್ನೂ ಪತ್ರಿಕೆಯೇ ಕೊಡುತ್ತದೆ. ಸಂಗತಿ ಮತ್ತು ಮನವಿ ಎರಡೂ ಚಿಕ್ಕ ವಾಕ್ಯಗಳಲ್ಲಿದ್ದರೆ ಕತ್ತರಿಸಿದ ಮೇಲೂ ಅವು ಉಳಿಯುತ್ತವೆ.

ಅಚ್ಚಾದ ಪತ್ರದ ಪ್ರತಿಯನ್ನು ಪಿಡಿಒ ಅವರಿಗೆ ಕೊಡುವ ಮನವಿಯ ಜೊತೆ ಲಗತ್ತಿಸಬಹುದು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ; ಹದಿನೆಂಟರೊಳಗಿನವರು ತಮ್ಮ ಬೇಡಿಕೆಯನ್ನು ಅಲ್ಲಿ ತಾವೇ ಮಂಡಿಸಬಹುದು. ಪತ್ರ ಅಚ್ಚಾಗದಿದ್ದರೂ ಎರವಲು ವಹಿಯಿಂದ ಎಣಿಸಿದ ಲೆಕ್ಕ ಆ ಸಭೆಯಲ್ಲಿ ಅಷ್ಟೇ ಉಪಯೋಗಕ್ಕೆ ಬರುತ್ತದೆ.